‘ತಾಳೆಯಾಗಿದೆ’ ಎಂದು ಬರೆಯಬಹುದೇ? ಡೇಟಾಬೇಸ್ ಸಾಗಿಸಿದ ಮೇಲಿನ ವರದಿಗೆ ಪದ ಬೇಕು

ಕೇಳಿದ್ದು

ಎಲ್ಲರಿಗೂ ನಮಸ್ಕಾರ.

ಒಂದು ವರದಿ ಬರೆಯಲು ಕೂತಿದ್ದೇನೆ, ಎರಡು ದಿನದಿಂದ ಒಂದೇ ವಾಕ್ಯದಲ್ಲಿ ಸಿಕ್ಕಿಕೊಂಡಿದ್ದೇನೆ. ಗ್ರಾಹಕರ ಪಟ್ಟಿಯನ್ನು ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಸಾಗಿಸುವ ಕೆಲಸ ಮುಗಿಯಿತು. ವರದಿಯನ್ನು ಓದಿ ಸಹಿ ಹಾಕುವವರು ಡೇಟಾಬೇಸ್ ಕೆಲಸದವರಲ್ಲ, ಕನ್ನಡದಲ್ಲೇ ಓದುವವರು. ಅವರ ಸಹಿ ಬಿದ್ದ ಮೇಲೆ ಹಳೆಯದನ್ನು ಅಳಿಸುತ್ತಾರೆ. ಅದಕ್ಕೇ ಪದ ಸಡಿಲವಾಗಿದ್ದರೆ ನನಗೆ ಭಯ.

ನಾವು ನೋಡಿದ್ದು ಮೂರು ರೀತಿಯಲ್ಲಿ. ಮೊದಲು ಎರಡೂ ಕಡೆಯ ಸಾಲುಗಳನ್ನು ಎಣಿಸಿದೆವು. ಅಲ್ಲೂ 4,18,206, ಇಲ್ಲೂ 4,18,206. ಆಮೇಲೆ 400 ಸಾಲುಗಳನ್ನು ಎತ್ತಿಕೊಂಡು ಪಕ್ಕಪಕ್ಕ ಇಟ್ಟು ಓದಿದೆವು, ಒಂದೂ ತಪ್ಪಿರಲಿಲ್ಲ. ಕೊನೆಗೆ 10,000 ಐಡಿಗಳಿಗೆ ಒಂದರಂತೆ 42 ಕಂತು ಮಾಡಿ, ಒಂದೊಂದರ ಡೇಟಾದಿಂದ ಲೆಕ್ಕ ಹಾಕಿ ಬರುವ ಪುಟ್ಟ ಸಂಕೇತವಾದ ಚೆಕ್‌ಸಮ್ ತೆಗೆದೆವು. 39 ಕಂತು ಸರಿ ಬಂತು, 3 ಬರಲಿಲ್ಲ. ಆ ಮೂರನ್ನು ಸಾಲು ಸಾಲಾಗಿ ಬಿಡಿಸಿದಾಗ 37 ಸಾಲು ಸಿಕ್ಕಿತು. ವಿಚಿತ್ರ ಅಂದರೆ, ಆ 37 ಸಾಲು ಕಣ್ಣಿಗೆ ಎರಡೂ ಕಡೆ ಒಂದೇ ಥರ ಕಾಣುತ್ತವೆ.

ನನ್ನ ಕರಡಿನಲ್ಲಿ ಮೂರಕ್ಕೂ ‘ತಾಳೆ’ ಎಂದೇ ಬರೆದಿದ್ದೇನೆ. ಮೂರಕ್ಕೆ ಮೂರು ಪದ ಬೇಕಾ? ಈ 37ನ್ನು ಇಟ್ಟುಕೊಂಡು ‘ತಾಳೆಯಾಗಿದೆ’ ಅನ್ನಬಹುದಾ?

ಅನುವಾದ ಮಾಡುವ ಒಬ್ಬರು

ಮೇಡಂ, ಮೊದಲಿಗೆ ‘ವಲಸೆ’ ಎಂದು ಬರೆಯದೆ ‘ಸಾಗಿಸು’ ಎಂದು ಬರೆದಿದ್ದಕ್ಕೆ ಸಂತೋಷ. ಮೈಗ್ರೇಷನ್ ಕಂಡ ಕೂಡಲೇ ‘ದತ್ತಾಂಶ ವಲಸೆ’ ಎಂದು ಬರೆಯುವುದನ್ನು ನಾನು ಎಷ್ಟೋ ಕಡೆ ತಿದ್ದಿದ್ದೇನೆ. ವಲಸೆ ಹೋಗುವುದು ಜನ, ಹಕ್ಕಿ. ಹೋದವರು ಹಳೆಯ ಜಾಗದಲ್ಲಿ ಇರುವುದಿಲ್ಲ. ಇಲ್ಲಿ ಎರಡೂ ಕಡೆ ಇರುತ್ತದೆ, ಅಲ್ವಾ? ನನ್ನ ಮತ ‘ವರ್ಗಾವಣೆ’ಗೆ.

ಕೇಳಿದವರು

ಸರ್, ಅದು ಒಳ್ಳೆಯ ಮಾತು, ಆದರೆ ನನ್ನ ಪ್ರಶ್ನೆ ಸಾಗಿಸಿದ ಮೇಲಿನದು. ಸಾಗಿಸಿದ್ದಕ್ಕೆ ಪದ ಸಿಕ್ಕಿದೆ. ಸರಿಯಾಗಿ ಬಂದಿದೆಯಾ ಎಂದು ನೋಡಿದ್ದಕ್ಕೆ ಪದ ಬೇಕು.

ಪ್ರೋಗ್ರಾಮಿಂಗ್ ಮಾಡುವ ಒಬ್ಬರು

ಚೆಕ್‌ಸಮ್‌ಗೆ ‘ತಾಳೆಮೊತ್ತ’ ಎನ್ನಿ, ಸುಲಭ. ಸಮ್ ಅಂದರೆ ಮೊತ್ತವೇ. ಇನ್ನೊಂದು ಮಾತು: ಚೆಕ್‌ಸಮ್ ಸರಿ ಬಂದರೆ ಉಳಿದ ಎರಡೂ ಬೇಕಿಲ್ಲ. ಸಾಲು ಎಣಿಸುವುದು, ಎತ್ತಿ ನೋಡುವುದು ಎಲ್ಲ ಸುಮ್ನೆ ಸಮಾಧಾನಕ್ಕೆ. ಚೆಕ್‌ಸಮ್ ಒಂದೇ ಆದರೆ ಡೇಟಾ ಒಂದೇ, ಮುಗಿಯಿತು.

ಲೆಕ್ಕಪತ್ರ ಬರೆಯುವವರು

ಡೇಟಾಬೇಸ್ ನನಗೆ ಗೊತ್ತಿಲ್ಲ, ತಾಳೆ ಗೊತ್ತು. ಇಪ್ಪತ್ತು ವರ್ಷದಿಂದ ಅದನ್ನೇ ನೋಡುತ್ತಿದ್ದೇನೆ. ‘ಮೊತ್ತ’ ಎಂದ ಕೂಡಲೇ ನನಗೆ ಒಂದು ಹಳೆಯ ಪೆಟ್ಟು ನೆನಪಾಯಿತು. ಒಬ್ಬರ ಜಮೆಯನ್ನು ಇನ್ನೊಬ್ಬರ ಖಾತೆಗೆ ಹಾಕಿದ್ದೆ. ಒಟ್ಟು ಮೊತ್ತ ಪೈಸೆಗೆ ಪೈಸೆ ಸರಿ. ನಮೂದುಗಳ ಸಂಖ್ಯೆಯೂ ಸರಿ. ಖಾತೆದಾರರು ಬಂದು ಕೇಳುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ನಮ್ಮಲ್ಲಿ ಮೊತ್ತ ತಾಳೆ ಬೀಳುವುದು ಬೇರೆ, ಖಾತೆ ತಾಳೆ ಬೀಳುವುದು ಬೇರೆ. ನಿಮ್ಮ ಚೆಕ್‌ಸಮ್ ಮೊದಲನೆಯದರ ಹಾಗಾ, ಎರಡನೆಯದರ ಹಾಗಾ? ಅದು ತಿಳಿಯದೆ ಪದ ಹೇಗೆ ಕೊಡುವುದು?

ಡೇಟಾಬೇಸ್ ನೋಡಿಕೊಳ್ಳುವವರು

ಲೆಕ್ಕದ ಸರ್ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಒಂದೊಂದಾಗಿ ಬರುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ‘ಎಣಿಕೆ’. ನಮ್ಮ ಮಾತಿನಲ್ಲಿ ಎಣಿಕೆಗೆ ಎರಡು ಅರ್ಥ. ಒಂದೊಂದಾಗಿ ಎಣಿಸಿದ್ದೂ ಎಣಿಕೆ, ‘ನನ್ನ ಎಣಿಕೆ ತಪ್ಪಾಯಿತು’ ಎನ್ನುವಾಗಿನ ಊಹೆಯೂ ಎಣಿಕೆ. ಡೇಟಾಬೇಸಿನಲ್ಲೂ ಈ ಎರಡೂ ಇವೆ. ಮೈಎಸ್‌ಕ್ಯೂಎಲ್‌ನ information_schema ಒಳಗೆ TABLE_ROWS ಎಂಬ ಅಂಕಿ ಸಿಗುತ್ತದೆ. ಇನ್ನೋಡಿಬಿ ಟೇಬಲ್‌ಗಳಿಗೆ ಅದು ಬರೀ ಅಂದಾಜು. ಪೋಸ್ಟ್‌ಗ್ರೆಸ್‌ನ reltuples ಕೂಡ ಹಾಗೆಯೇ. ಬೇಗ ಸಿಗುತ್ತದೆ ಎಂದು ಅವನ್ನು ವರದಿಗೆ ಹಾಕಿದವರನ್ನು ನೋಡಿದ್ದೇನೆ. ಮೇಡಂ ಅವರ ಅಂಕಿ SELECT COUNT(*) ಕೊಟ್ಟದ್ದೇ ಆಗಿದ್ದರೆ ‘ಸಾಲು ಎಣಿಸಿ ನೋಡಿದೆವು’ ಎಂದು ಕ್ರಿಯಾಪದದಲ್ಲೇ ಬರೆಯಲಿ. ‘ಎಣಿಸಿ’ ಎಂದರೆ ಊಹೆಯ ಅರ್ಥ ಬರುವುದಿಲ್ಲ.

ಎರಡನೆಯದು ಚೆಕ್‌ಸಮ್. ಹಿಂದೆ ಕೆಲವು ಬಗೆಯ ಚೆಕ್‌ಸಮ್‌ಗಳಲ್ಲಿ ನಿಜವಾಗಿ ಕೂಡುತ್ತಿದ್ದರು, ಹೆಸರು ಅಲ್ಲಿಂದ ಬಂತು. ಎಂಡಿ5 ಎಂಬ ಬಗೆಯಲ್ಲಿ ಬರುವುದು ಮೊತ್ತ ಅಲ್ಲವೇ ಅಲ್ಲ. ಒಂದು ಅಕ್ಷರ ಬದಲಾದರೂ ಪೂರ್ತಿ ಬೇರೆ 32 ಅಕ್ಷರ ಬರುತ್ತದೆ. ‘ತಾಳೆಮೊತ್ತ’ ಎಂದರೆ ಲೆಕ್ಕದ ಸರ್ ಹೇಳಿದ ಮೊದಲನೆಯ ಬಗೆ ಎಂದು ಓದುಗರು ತಿಳಿಯುತ್ತಾರೆ. ನಾನು ‘ಗುರುತು’ ಎನ್ನುತ್ತೇನೆ, ‘ಬೆರಳಚ್ಚು’ ಆದರೂ ನಡೆದೀತು.

ಆದರೆ ‘ಚೆಕ್‌ಸಮ್ ಒಂದೇ ಆದರೆ ಡೇಟಾ ಒಂದೇ’ ಎನ್ನುವುದಕ್ಕೆ ನಾನು ಒಪ್ಪುವುದಿಲ್ಲ. ಚೆಕ್‌ಸಮ್ ಯಾವುದರ ಮೇಲೆ ಓಡಿತೋ ಅದು ಮಾತ್ರ ಒಂದೇ. ಒಂದು ಮೈಎಸ್‌ಕ್ಯೂಎಲ್‌ನಿಂದ ಇನ್ನೊಂದು ಮೈಎಸ್‌ಕ್ಯೂಎಲ್‌ಗೆ ಸಾಗಿಸಿದಾಗ ನಾನೇ ಬಿದ್ದ ಹಳ್ಳ ಹೇಳುತ್ತೇನೆ. ಕಂತಿನ ಸಾಲುಗಳ ಎಂಡಿ5ಗಳನ್ನು GROUP_CONCATನಲ್ಲಿ ಅಲ್ಪವಿರಾಮ ಹಾಕಿ ಜೋಡಿಸಿ, ಅದರ ಮೇಲೆ ಮತ್ತೊಂದು ಎಂಡಿ5 ತೆಗೆಯುತ್ತಿದ್ದೆ. group_concat_max_len ಮೊದಲಿಗೆ 1024 ಬೈಟ್ ಮಾತ್ರ ಇರುತ್ತದೆ. ಅದಕ್ಕಿಂತ ಉದ್ದವಾದದ್ದನ್ನು ಕತ್ತರಿಸಿ ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ಅಷ್ಟರಲ್ಲಿ ಹಿಡಿಸುವುದು 31 ಸಾಲಿನ ಎಂಡಿ5. ಎರಡೂ ಕಡೆ ಒಂದೇ ಜಾಗದಲ್ಲಿ ಕತ್ತರಿಸಿದ್ದರಿಂದ ಎಲ್ಲ ಕಂತೂ ಸರಿ ಬಂತು. 10,000 ಸಾಲಿನ ಕಂತಿನಲ್ಲಿ 31 ಸಾಲು ನೋಡಿ ಪೂರ್ತಿ ನೋಡಿದೆ ಅಂದುಕೊಂಡಿದ್ದೆ. ಈಗ ಹೊಸ ಕಡೆಯಲ್ಲಿ ಕಂತಿನ ಕೊನೆಯ ಸಾಲಿನ ಒಂದು ಅಕ್ಷರವನ್ನು ಬೇಕೆಂದೇ ಕೆಡಿಸಿ ಚೆಕ್‌ಸಮ್ ಮೊದಲು ಓಡಿಸುತ್ತೇನೆ. ವ್ಯತ್ಯಾಸ ತೋರಿಸಿದರೆ ಮಾತ್ರ ಅದನ್ನು ನಂಬುವುದು. ಆಮೇಲೆ ಸಾಲನ್ನು ಸರಿ ಮಾಡಿ ನಿಜವಾದ ಓಟ.

ಮೇಡಂ, ನಿಮ್ಮ 37ರ ಬಗ್ಗೆ ನನಗೊಂದು ಗುಮಾನಿ ಇದೆ. ಎರಡೂ ಕಡೆ ಇದನ್ನು ಓಡಿಸಿ, ಎರಡರಲ್ಲೂ ಹೀಗೆಯೇ ನಡೆಯುತ್ತದೆ:

```sql
SELECT id, hesaru, octet_length(hesaru)
FROM grahaka WHERE id = 120417;
```

ಐಡಿ ನಿಮ್ಮ ಪಟ್ಟಿಯದನ್ನು ಹಾಕಿ.

ಕೇಳಿದವರು

ಓಡಿಸಿದೆ. ಹಳೆಯದರಲ್ಲಿ 18, ಹೊಸದರಲ್ಲಿ 15! ಹೆಸರು ಕಣ್ಣಿಗೆ ಅದೇ. ಮೂರು ಬೈಟ್ ಎಲ್ಲಿ ಹೋಯಿತು?

ಡೇಟಾಬೇಸ್ ನೋಡಿಕೊಳ್ಳುವವರು

ಎಲ್ಲೂ ಹೋಗಿಲ್ಲ, ಕೂಡಿಕೊಂಡಿದೆ. ಹೆಸರಿನಲ್ಲಿ ಒತ್ವ ಇರಬೇಕು. ಯೂನಿಕೋಡ್‌ನಲ್ಲಿ ಒತ್ವವನ್ನು ಎರಡು ರೀತಿ ಬರೆಯಬಹುದು. U+0CCA ಎಂಬ ಒಂದೇ ಚಿಹ್ನೆಯಾಗಿ ಬರೆಯಬಹುದು, ಇಲ್ಲವೇ ಎತ್ವ U+0CC6, ಅದರ ಹಿಂದೆಯೇ ಊತ್ವ U+0CC2 ಎಂದು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯುಟಿಎಫ್-8ನಲ್ಲಿ ಒಂದೊಂದು ಕನ್ನಡ ಚಿಹ್ನೆಗೆ 3 ಬೈಟ್. ನಾವು ಇಷ್ಟು ಹೊತ್ತು ಜಗಳ ಆಡುತ್ತಿದ್ದ ‘ಮೊತ್ತ’ ಪದವನ್ನೇ ನೋಡಿ:

```python
import unicodedata
a = "\u0cae\u0cca\u0ca4\u0ccd\u0ca4"
b = "\u0cae\u0cc6\u0cc2\u0ca4\u0ccd\u0ca4"
print(a == b)                               # False
print(len(a.encode()), len(b.encode()))     # 15 18
print(unicodedata.normalize("NFC", b) == a) # True
```

ಸಾಗಿಸುವ ಸ್ಕ್ರಿಪ್ಟ್‌ನಲ್ಲಿ ಯಾರೋ, ಹೀಗೆ ಬಿಡಿಯಾದ ಚಿಹ್ನೆಗಳನ್ನು ಒಂದಾಗಿ ಕೂಡಿಸುವ ಎನ್‌ಎಫ್‌ಸಿ ಸಾಲು ಸೇರಿಸಿದ್ದಾರೆ. ಓತ್ವ, ದೀರ್ಘ ಈತ್ವಕ್ಕೂ ಇದೇ ಕಥೆ.

ಕೇಳಿದವರು

ಹೌದು, ಸ್ಕ್ರಿಪ್ಟ್ ಬರೆದವರನ್ನು ಕೇಳಿದೆ, ಸೇರಿಸಿದ್ದಾರೆ. ಆ 37 ಹೆಸರು ಹಳೆಯ ಒಂದು ಟೈಪಿಂಗ್ ತಂತ್ರಾಂಶದಿಂದ ಒಂದೇ ಹೊತ್ತಿಗೆ ತುಂಬಿದ್ದಂತೆ. ಅದಕ್ಕೇ ಮೂರೇ ಕಂತಿನಲ್ಲಿ ಗುಂಪಾಗಿದ್ದವು.

ಪ್ರೋಗ್ರಾಮಿಂಗ್ ಮಾಡುವವರು

GROUP_CONCAT ಸಂಗತಿ ನನಗೆ ಗೊತ್ತಿರಲಿಲ್ಲ. ನಾಳೆಯೇ ನಮ್ಮದನ್ನು ನೋಡಬೇಕು. ಆದರೆ ಈ 37 ತಪ್ಪೇ ಅಲ್ಲವಲ್ಲ? ಹೊಸದೇ ಹೆಚ್ಚು ಸರಿ. ‘ತಾಳೆಯಾಗಿದೆ’ ಎಂದು ಬರೆದುಬಿಡಿ.

ಲೆಕ್ಕಪತ್ರ ಬರೆಯುವವರು

ಬೇಡ. ನಮ್ಮಲ್ಲಿ ನಮೂದನ್ನು ತಿದ್ದಿ ಸರಿ ಮಾಡಿದರೂ ತಿದ್ದಿದ್ದು ಎಂದು ಬರೆಯಲೇಬೇಕು. ತಿದ್ದಿದ್ದನ್ನು ಹೇಳದೆ ತಾಳೆ ಎಂದರೆ ಅದು ತಾಳೆಯಲ್ಲ.

ಡೇಟಾಬೇಸ್ ನೋಡಿಕೊಳ್ಳುವವರು

ನನಗೂ ಹಾಗೆಯೇ ಅನಿಸುತ್ತದೆ. ಇನ್ನೊಂದು ಟೇಬಲ್‌ನಲ್ಲಿ ಇದೇ ಹೆಸರು ಹಳೆಯ 18 ಬೈಟ್‌ನಲ್ಲೇ ಉಳಿದು, ಎರಡನ್ನೂ ಹೆಸರಿನ ಮೇಲೆ ಜೋಡಿಸುವ ಕ್ವೆರಿ ಎಲ್ಲಾದರೂ ಇದ್ದರೆ, ಈ 37 ಜನ ಅದರಿಂದ ಮಾಯವಾಗುತ್ತಾರೆ. ಅದನ್ನು ಹುಡುಕಿ ನೋಡಿ.

ಅನುವಾದ ಮಾಡುವವರು

400 ಸಾಲು ಎತ್ತಿ ನೋಡಿದ್ದಕ್ಕೂ ಪದ ಬೇಕಲ್ಲ. ‘ಮಾದರಿ ಹೋಲಿಕೆ’ ಸಾಕಲ್ಲವೇ? ಒಂದು ಅಗುಳು ಹಿಚುಕಿದರೆ ಅನ್ನ ಬೆಂದದ್ದು ತಿಳಿಯುತ್ತದೆ ಎನ್ನುತ್ತೇವಲ್ಲ, ಅದೇ ತಾನೇ ಇದು.

ಡೇಟಾಬೇಸ್ ನೋಡಿಕೊಳ್ಳುವವರು

ಸರ್, ಒಂದೇ ಪಾತ್ರೆಯ ಅನ್ನ ಒಟ್ಟಿಗೆ ಬೇಯುತ್ತದೆ, ಅದಕ್ಕೆ ಒಂದು ಅಗುಳು ಸಾಕು. ಟೇಬಲ್ ಹಾಗಲ್ಲ. 4,18,206ರಲ್ಲಿ 37 ಕೆಟ್ಟಿದ್ದರೆ, ಚೀಟಿ ಎತ್ತಿದ ಹಾಗೆ 400 ತೆಗೆದಾಗ ನೂರಕ್ಕೆ 96 ಸಲ ಒಂದೂ ಕೈಗೆ ಬರುವುದಿಲ್ಲ. ಮೇಡಂಗೆ ಆಗಿದ್ದೂ ಅದೇ. ನೂರಕ್ಕೆ 95 ಸಲ ಒಂದಾದರೂ ಸಿಗಬೇಕೆಂದರೆ ಸುಮಾರು 32,500 ಸಾಲು ತೆಗೆಯಬೇಕು. ಅದೂ ಯಂತ್ರ ಹೋಲಿಸಬೇಕು, ಕಣ್ಣಿಗೆ ಒತ್ವದ ವ್ಯತ್ಯಾಸ ಕಾಣುವುದಿಲ್ಲ.

ಹಾಗೆಂದು ಎತ್ತಿ ನೋಡುವುದು ದಂಡವಲ್ಲ. ಒಂದು ಕಾಲಮ್ ಪೂರ್ತಿ ಅದಲುಬದಲಾಗಿದ್ದರೆ, ಎಲ್ಲ ಸಮಯವೂ ಕೆಲವು ಗಂಟೆ ಹಿಂದೆ ಹೋಗಿದ್ದರೆ, ಹತ್ತು ಸಾಲಿನಲ್ಲೇ ಗೊತ್ತಾಗುತ್ತದೆ. ಏನು ತಪ್ಪಿದೆ ಎಂಬುದೂ ಕಾಣುತ್ತದೆ. ಚೆಕ್‌ಸಮ್ ಅದನ್ನು ಹೇಳುವುದಿಲ್ಲ.

ಪದಕ್ಕೆ ಬಂದರೆ ‘ಮಾದರಿ’ ನನಗೆ ಸರಿ ಕಾಣುವುದಿಲ್ಲ. ‘ಮಾದರಿ ಸಾಲು’ ಎಂದರೆ ಎಲ್ಲರೂ ಅನುಸರಿಸಬೇಕಾದ ಒಳ್ಳೆಯ ಸಾಲು ಎಂದು ಓದುತ್ತಾರೆ. ‘ಆಯ್ದ’ ಎಂದರೆ ಬೇಕಾದ್ದನ್ನು ಆರಿಸಿಕೊಂಡಂತೆ. ‘ಹೋಲಿಕೆ’ಯೂ ಸಡಿಲ. ಅಣ್ಣ ತಮ್ಮನಿಗೂ ಹೋಲಿಕೆ ಇರುತ್ತದೆ.

ಅನುವಾದ ಮಾಡುವವರು

‘ಹೋಲಿಕೆ’ ಬಿಡುತ್ತೇನೆ. ‘ಮಾದರಿ’ ಬಿಡಲಾರೆ. ಮಾದರಿ ಸಮೀಕ್ಷೆ ಎಂದು ಪತ್ರಿಕೆಗಳು ಬರೆಯುತ್ತವೆ, ಜನ ತಪ್ಪು ತಿಳಿಯುವುದಿಲ್ಲ.

ಕೇಳಿದವರು

ಇವತ್ತಿನ ಕರಡು ಹೀಗಿದೆ:

‘ಎರಡೂ ಕಡೆ ಸಾಲು ಎಣಿಸಿ ನೋಡಿದೆವು: 4,18,206, ತಾಳೆ. ಚೀಟಿ ಎತ್ತಿದಂತೆ ತೆಗೆದ 400 ಸಾಲುಗಳನ್ನು ಓದಿ ನೋಡಿದೆವು: ತಾಳೆ. ಇದರಿಂದ ಉಳಿದ ಸಾಲುಗಳೆಲ್ಲ ಸರಿ ಎಂದು ಹೇಳಲಾಗದು. 42 ಕಂತುಗಳ ಚೆಕ್‌ಸಮ್ ನೋಡಿದೆವು: 39 ತಾಳೆ, 3 ತಾಳೆಯಿಲ್ಲ. ಆ ಮೂರರಲ್ಲಿ 37 ಹೆಸರುಗಳು ಸಾಗಿಸುವಾಗ ಎನ್‌ಎಫ್‌ಸಿ ರೂಪಕ್ಕೆ ಬದಲಾಗಿವೆ. ಹಳೆಯ ಹೆಸರುಗಳನ್ನೂ ಅದೇ ರೂಪಕ್ಕೆ ತಂದು ಮತ್ತೆ ನೋಡಿದಾಗ 37ಕ್ಕೆ 37 ತಾಳೆ.’

ಹೆಸರಿನ ಮೇಲೆ ಜೋಡಿಸುವ ಕ್ವೆರಿ ಒಂದು ಸಿಕ್ಕಿದೆ, ತಿಂಗಳ ಪಟ್ಟಿ ತೆಗೆಯುವುದು. ಅದನ್ನು ಸರಿ ಮಾಡುವವರೆಗೆ ಸಹಿಗೆ ಕಳಿಸುವುದಿಲ್ಲ. ಚೆಕ್‌ಸಮ್ ಅನ್ನು ಸದ್ಯಕ್ಕೆ ಚೆಕ್‌ಸಮ್ ಎಂದೇ ಬಿಟ್ಟಿದ್ದೇನೆ. ‘ಗುರುತು’ ಎಂದು ಬರೆದರೆ ಮುಂದಿನ ಸಾಲಿನಲ್ಲಿ ‘ಗುರುತಿಸಿದೆವು’ ಬಂದಾಗ ಗೊಂದಲ ಆಗುತ್ತಿದೆ. ‘ಬೆರಳಚ್ಚು’ ಓದಿದ ನಮ್ಮ ಸಹೋದ್ಯೋಗಿ ಟೈಪಿಂಗ್ ಅಂದುಕೊಂಡರು. ಬೇರೆ ಪದ ಹೊಳೆದರೆ ಬರೆಯಿರಿ.