ಗುಡ್ಡದ ಲಿಂಕ್: ಯುಡಿಪಿಗೆ 20, ಟಿಸಿಪಿಗೆ ಎರಡೂವರೆ

ಹೊಸನಗರದ ಹೋಂಸ್ಟೇಯವರು: ಸರ್, ಪೇಟೆಯಿಂದ ನಮ್ಮ ಗುಡ್ಡಕ್ಕೆ 6 ಕಿ.ಮೀ. ವೈಫೈ ಲಿಂಕ್ ಇದೆ. ಮಳೆ ಹಿಡಿದ ಮೇಲೆ ಡೌನ್‌ಲೋಡ್ ಎರಡೂವರೆ ಎಂಬಿಪಿಎಸ್ ದಾಟುವುದಿಲ್ಲ. ಆದರೆ ವೇಗ ಅಳೆಯುವ `iperf3` ಹಾಕಿದರೆ ಯುಡಿಪಿಯಲ್ಲಿ 20 ಬರುತ್ತದೆ, ಪ್ಯಾಕೆಟ್ ಲಾಸ್ 1%. ಪೇಟೆ ತುದಿಯ ಪಿಸಿಯಿಂದ ಫೈಲ್ ತೆಗೆದರೂ ಜೋರಾಗೇ ಬರುತ್ತದೆ. ಏನಿದು?

ಎಂಜಿನಿಯರ್: ಪಿಂಗ್ ಎಷ್ಟು? ಪೇಟೆ ಪಿಸಿಗೆ, ಹೊರಗಿನ ಸರ್ವರ್‌ಗೆ, ಎರಡೂ ಹೇಳಿ.

ಹೋಂಸ್ಟೇಯವರು: 3 ಮಿಲಿಸೆಕೆಂಡ್, 60 ಮಿಲಿಸೆಕೆಂಡ್.

ಎಂಜಿನಿಯರ್: ಹಾಗಾದರೆ ಲೆಕ್ಕ ಕೂಡುತ್ತದೆ. ಯುಡಿಪಿ ಕಳೆದದ್ದನ್ನು ಲೆಕ್ಕಿಸದೆ ಕಳಿಸುತ್ತಲೇ ಇರುತ್ತದೆ, ಡೌನ್‌ಲೋಡ್ ಓಡುವುದು ಟಿಸಿಪಿಯಲ್ಲಿ. ಪ್ಯಾಕೆಟ್ ಕಳೆದದ್ದು ಗಾಳಿಯಲ್ಲೋ, ದಾರಿ ತುಂಬಿಯೋ ಅನ್ನುವುದು ಟಿಸಿಪಿಗೆ ಗೊತ್ತಾಗುವುದಿಲ್ಲ. ದಾರಿ ತುಂಬಿದೆ ಅಂತಲೇ ಹೆದರುತ್ತದೆ. ಟಿಸಿಪಿ ವೇಗ ಹಿಡಿಯುವ ವಿಧಾನಗಳಲ್ಲಿ ಹಳೇ ರೆನೋ ಅರ್ಧಕ್ಕೆ ಇಳಿಸುತ್ತದೆ, ಕ್ಯೂಬಿಕ್ 70%ಕ್ಕೆ. ಮತ್ತೆ ಏರಬೇಕಾದರೆ ಹೋಗಿ ಬರುವ ಒಂದೊಂದು ಸುತ್ತಿಗೆ ಒಂದಿಷ್ಟು. ಸುತ್ತು ಉದ್ದವಾದಷ್ಟೂ ಏರುವುದು ನಿಧಾನ. ಅಷ್ಟರಲ್ಲಿ ಇನ್ನೊಂದು ಕಳೆದಿರುತ್ತದೆ. ಲೆಕ್ಕ ಹೀಗೆ: ಒಂದು ಪ್ಯಾಕೆಟ್ಟಿನ 1460 ಬೈಟನ್ನು ಬಿಟ್ ಮಾಡಿ, ಸುತ್ತಿನ 0.06 ಸೆಕೆಂಡಿನಿಂದ ಭಾಗಿಸಿ, ರೆನೋ ಸೂತ್ರದ 1.22ರಿಂದ ಗುಣಿಸಿ, ಲಾಸ್ 0.01ರ ವರ್ಗಮೂಲದಿಂದ ಭಾಗಿಸಿ.

```
1460 × 8 ÷ 0.06 × 1.22 ÷ √0.01 ≈ 23.7 ಲಕ್ಷ ಬಿಟ್/ಸೆ.
```

ನಿಮ್ಮ ಎರಡೂವರೆ ಇದೇ. 0.06 ಜಾಗದಲ್ಲಿ 0.003 ಹಾಕಿ, 47 ಎಂಬಿಪಿಎಸ್ ಆಗುತ್ತದೆ. ಲಿಂಕ್ ತಾಳುವುದೇ 20, ಅದಕ್ಕೇ ಪೇಟೆ ಪಿಸಿಯಿಂದ ತೊಂದರೆ ಕಾಣಲಿಲ್ಲ.

ಮೊದಲು ರೇಡಿಯೋದ ರೇಟನ್ನು ಆಟೋದಿಂದ ತೆಗೆದು ಒಂದೆರಡು ಮೆಟ್ಟಿಲು ಕೆಳಗೆ ಕೂರಿಸಿ. ಲಿಂಕ್ 20ರಿಂದ 14ಕ್ಕೆ ಇಳಿದರೂ ಚಿಂತೆಯಿಲ್ಲ, ಲಾಸ್ ಇಳಿಯಬೇಕು. ಲಾಸ್ ಹತ್ತರಲ್ಲೊಂದಾದರೆ ವೇಗ ಮೂರು ಪಟ್ಟು, ಹತ್ತು ಪಟ್ಟಲ್ಲ. ಆಮೇಲೆ ಪೇಟೆ ಪಿಸಿಯಲ್ಲಿ, ನಡುವೆ ನಿಂತು ಹೊರಗಿನದನ್ನು ತಂದುಕೊಡುವ ಸ್ಕ್ವಿಡ್ ಪ್ರಾಕ್ಸಿ ಹಾಕಿ. ಟಿಸಿಪಿ ಅಲ್ಲಿ ಎರಡು ತುಂಡಾಗುತ್ತದೆ, ಕಳೆದದ್ದನ್ನು 3 ಮಿಲಿಸೆಕೆಂಡಿನ ತುಂಡೇ ಸರಿಮಾಡಿಕೊಳ್ಳುತ್ತದೆ.

ತೀರ್ಥಹಳ್ಳಿ ಸದಸ್ಯ: ಅಷ್ಟೆಲ್ಲ ಯಾಕೆ? ಲ್ಯಾಪ್‌ಟಾಪಲ್ಲಿ ಈ ಸಾಲು ಹಾಕಿ ಸಾಕು, ಫಾರ್ವರ್ಡ್ ಬಂದಿದೆ:

```
sysctl -w net.ipv4.tcp_congestion_control=bbr
```

ಎಂಜಿನಿಯರ್: ಬಿಬಿಆರ್ ಕೂಡ ರೆನೋ, ಕ್ಯೂಬಿಕ್ ಥರದ್ದೇ ವಿಧಾನ. ಒಳ್ಳೆಯದೇ, 1% ಲಾಸಿಗೆ ಹೆದರುವುದಿಲ್ಲ. ಆದರೆ ಅದು ಕಳಿಸುವವನ ಕಡೆ ಇರಬೇಕು. ಡೌನ್‌ಲೋಡಲ್ಲಿ ಕಳಿಸುವವನು ಸರ್ವರ್. ನಿಮ್ಮ ಸಾಲು ಅಪ್‌ಲೋಡಿಗೆ ಮಾತ್ರ. ಪ್ರಾಕ್ಸಿ ಪಿಸಿಯಲ್ಲಿ ಹಾಕಿದರೆ ಅರ್ಥವಿದೆ.

ಸಾಗರದ ಸದಸ್ಯ: ಮೂಲ ತಪ್ಪು ಮಳೆಯದ್ದು. ವೈಫೈಯ 5 ಗಿಗಾಹರ್ಟ್ಸ್ ಸಿಗ್ನಲ್ಲನ್ನು ಮಳೆ ತಿನ್ನುತ್ತದೆ.

ತೀರ್ಥಹಳ್ಳಿ ಸದಸ್ಯ: ತಿಂದರೆ ಆಗುಂಬೆಯಲ್ಲಿ ಒಂದು ಲಿಂಕೂ ನಿಲ್ಲಬಾರದಿತ್ತು ಮಾರಾಯ್ರೆ.

ಎಂಜಿನಿಯರ್: ಹನಿಯಿಂದ ಕಡಿಮೆ, ಒದ್ದೆ ಎಲೆಯಿಂದ ಜಾಸ್ತಿ. ನಡುವೆ ಅಕೇಶಿಯಾ ಬೆಳೆದಿದೆಯಾ ನೋಡಿ.

ಸಾಗರದ ಸದಸ್ಯ: ನಾನೂ ಅದನ್ನೇ ಅಂದದ್ದು.

ತೀರ್ಥಹಳ್ಳಿ ಸದಸ್ಯ: ಎಲ್ಲಿ ಅಂದ್ರಿ? ಮೇಲೆ ಹೋಗಿ ಓದಿ.

ಕೊಪ್ಪದ ಸದಸ್ಯೆ: ನಮ್ಮ ಮನೇಲಿ ಮೊಬೈಲಿಗೆ ಒಂದೇ ಕಡ್ಡಿ, ಇದಕ್ಕೂ ಪ್ರಾಕ್ಸಿ ಆಗುತ್ತಾ?

ಹೊಸ ಸದಸ್ಯ: ಡಿಎನ್‌ಎಸ್ 8.8.8.8 ಮಾಡಿದರೆ?

ಎಂಜಿನಿಯರ್: ಇಲ್ಲ.

ಇನ್ನೊಬ್ಬರು: ಆಂಟೆನಾ ಹಿಂದೆ ಅಲ್ಯೂಮಿನಿಯಂ ಹಾಳೆ? ಡಿಎನ್‌ಎಸ್ಸೂ ಬದಲಾಯಿಸಿ ನೋಡಿ.

ಎಂಜಿನಿಯರ್: ಹಾಳೆ ಕಟ್ಟಿ ಡಿಶ್ ದಿಕ್ಕು ಕೆಡಿಸಬೇಡಿ. ಡಿಎನ್‌ಎಸ್ ಬಗ್ಗೆ ಈಗಷ್ಟೇ ಹೇಳಿದೆ.

ಹೋಂಸ್ಟೇಯವರು: ರೇಟ್ ಇಳಿಸಿದೆ. ಲಾಸ್ 0.1%, ಡೌನ್‌ಲೋಡ್ 7. ಪ್ರಾಕ್ಸಿ ಹಾಕಿದ ಮೇಲೆ 13! ಆದರೆ ಅತಿಥಿಯೊಬ್ಬರು ಆಫೀಸ್ ವಿಪಿಎನ್ ಹಾಕಿದರೆ ಮತ್ತೆ 7.

ಎಂಜಿನಿಯರ್: ವಿಪಿಎನ್ ಒಳಗಿನ ಟಿಸಿಪಿಯನ್ನು ಪ್ರಾಕ್ಸಿ ತುಂಡು ಮಾಡಲಾರದು. ಅವರಿಗೆ 7 ಸಾಕು ಅನ್ನಿ, ಇಲ್ಲ ಮರದ ಕೊಂಬೆ ಕಡಿಸಿ.