ಲ್ಯಾಮಿಂಗ್ಟನ್ ರಸ್ತೆಯ ಅಂಗಡಿ ಇನ್ನೂ ಅಲ್ಲೇ ಇದೆಯಾ? ಪುಣೆಯಿಂದ ಹೊರಡುವ ಮುಂಚೆ ತಿಳಿಯೋದು ಹೇಗೆ?

ಚಿಂಚವಡದಿಂದ: ನಮ್ಮ ಕನ್ನಡ ಸಂಘದ ಹಳೆ ಆಂಪ್ಲಿಫೈಯರ್‌ಗೆ ಟ್ರಾನ್ಸ್‌ಫಾರ್ಮರ್ ಬೇಕು. ಮುಂಬೈ ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿಯಲ್ಲಿ ಸಿಗುತ್ತದಂತೆ. ಮ್ಯಾಪ್‌ನಲ್ಲಿ ಅದೇ ಹೆಸರಿಗೆ ಎರಡು ಪಿನ್ ಇವೆ. ಒಂದರಲ್ಲಿ ವಿಳಾಸ ಲ್ಯಾಮಿಂಗ್ಟನ್ ರೋಡ್ 400007, ಇನ್ನೊಂದರಲ್ಲಿ ಡಾ. ಭಡ್ಕಮ್ಕರ್ ಮಾರ್ಗ 400004. ಶನಿವಾರ ಡೆಕ್ಕನ್ ಕ್ವೀನ್‌ನಲ್ಲಿ ಹೋಗಿ ಅದರಲ್ಲೇ ವಾಪಸ್ ಬರಬೇಕು. ಯಾವುದು ಸರಿ ಅಂತ ಇಲ್ಲಿಂದಲೇ ತಿಳಿಯುವುದು ಹೇಗೆ?

ಠಾಣೆಯಿಂದ: ಸರ್, ತಲೆ ಕೆಡಿಸ್ಕೋಬೇಡಿ. ಹೊರಡುವ ದಿನ ಬೆಳಿಗ್ಗೆ ಮ್ಯಾಪ್ ತೆಗೆದು ನೋಡಿ, ಹಸಿರು ಅಕ್ಷರದಲ್ಲಿ `Open` ಅಂತ ಬಂದರೆ ಅಂಗಡಿ ತೆರೆದಿದೆ ಅಂತಲೇ. ಈಚಿನ ರಿವ್ಯೂ ಇದ್ದರೆ ಇನ್ನೂ ಖಾತ್ರಿ.

ಮಾಟುಂಗಾದಿಂದ: ರಿವ್ಯೂ ಮಾತು ಅರ್ಧ ಸರಿ, `Open` ಮಾತು ಸರಿಯಲ್ಲ. ಯಾರೋ ಎಂದೋ ತುಂಬಿಸಿಟ್ಟ ಸಮಯವನ್ನು ಗಡಿಯಾರಕ್ಕೆ ಹೋಲಿಸಿ ತೋರಿಸುವುದಷ್ಟೇ ಆ ಹಸಿರು ಅಕ್ಷರದ ಕೆಲಸ. ಶಟರ್ ಮೇಲಿದೆಯೋ ಕೆಳಗಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಲಾಭ ಪಂಚಮಿವರೆಗೆ ಎಷ್ಟೋ ಗುಜರಾತಿ, ಮಾರವಾಡಿ ಅಂಗಡಿಗಳು ಬಾಗಿಲು ತೆಗೆಯುವುದೇ ಇಲ್ಲ. ಆಗಲೂ ಅಲ್ಲಿ `Open` ಅಂತಲೇ ಇರುತ್ತದೆ.

ಚಿಂಚವಡದವರೇ, ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಲ್ಯಾಮಿಂಗ್ಟನ್ ರೋಡಿಗೆ ಈಗಿನ ಹೆಸರೇ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ. ಆ ರಸ್ತೆಯ ಅಂಗಡಿಗಳು 400004, 400007 ಎರಡನ್ನೂ ಬರೆಯುತ್ತವೆ. ಹಾಗಾಗಿ ರಸ್ತೆಯ ಹೆಸರೂ ಪಿನ್‌ಕೋಡೂ ಬೇರೆ ಇದ್ದ ಮಾತ್ರಕ್ಕೆ ಜಾಗ ಬೇರೆ ಅಂತಲ್ಲ. ಬಿಲ್ಡಿಂಗಿನ ಹೆಸರು ಮತ್ತು ಗಾಳಾ ನಂಬರ್, ಅಂದರೆ ಮಳಿಗೆಯ ನಂಬರ್, ಎರಡನ್ನೂ ಹೋಲಿಸಿ. ಅವೇ ಬೇರೆ ಬಂದರೆ ಮುಂದಿನ ಕೆಲಸ ಶುರು.

ಎರಡೂ ಪಿನ್‌ಗಳಲ್ಲಿ ರಿವ್ಯೂಗಳನ್ನು `Newest` ಕ್ರಮಕ್ಕೆ ಹಾಕಿ. ಹೊಗಳಿಕೆಯನ್ನು ಓದಬೇಡಿ, ಫೋಟೋ ಹುಡುಕಿ. ಫೋಟೋ ತೆರೆದರೆ ಯಾವ ತಿಂಗಳು, ಯಾವ ವರ್ಷದ್ದು ಅಂತ ಕಾಣುತ್ತದೆ. ಬೋರ್ಡ್ ಕಾಣುವ ಫೋಟೋ ಒಳ್ಳೆಯದು, ಬಿಲ್ಲಿನ ಫೋಟೋ ಸಿಕ್ಕರೆ ಅದಕ್ಕಿಂತ ಒಳ್ಳೆಯದು, ಯಾಕೆಂದರೆ ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರ್ ಇರುತ್ತದೆ. `services.gst.gov.in` ತೆರೆದು `Search Taxpayer` ಕೆಳಗೆ `Search by GSTIN/UIN` ಒತ್ತಿ ಆ ನಂಬರ್ ಹಾಕಿ. ಲಾಗಿನ್ ಬೇಡ. ಮಾಲೀಕರ ಹೆಸರು, ಅಂಗಡಿಯ ಹೆಸರು, `Principal Place of Business`, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ಎಲ್ಲ ಬರುತ್ತದೆ. ವಿಳಾಸ ಬದಲಾದರೆ 15 ದಿನದೊಳಗೆ ತಿದ್ದಿಸಬೇಕು ಅಂತ ನಿಯಮವಿದೆ. ತಡಮಾಡುವವರು ಇದ್ದೇ ಇರುತ್ತಾರೆ, ಆದರೂ ಮ್ಯಾಪ್‌ಗಿಂತ ಇದನ್ನು ಹೆಚ್ಚು ನಂಬಬಹುದು.

ಮಡಗಾಂವ್‌ನಿಂದ: ಗೋವಾದಲ್ಲಿ ಇದೆಲ್ಲಕ್ಕಿಂತ ಮಧ್ಯಾಹ್ನವೇ ದೊಡ್ಡ ತೊಂದರೆ. ಮ್ಯಾಪ್‌ನಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 8 ಅಂತ ಒಂದೇ ಸಾಲು ಇರುತ್ತದೆ, ಆದರೆ ಒಂದರಿಂದ ಮೂರು ಮೂರೂವರೆವರೆಗೆ ಶಟರ್ ಕೆಳಗೆ. ಇಲ್ಲಿ ಹಾರ್ಡ್‌ವೇರ್ ಅಂಗಡಿಗೆ ಹೋಗುವವರು ಹನ್ನೆರಡೂವರೆ ಒಳಗೆ ಮುಟ್ಟಬೇಕು. ಟ್ರಾನ್ಸ್‌ಫಾರ್ಮರ್ ಕೊರಿಯರ್‌ನಲ್ಲಿ ತರಿಸಿದರೆ ಆಗೋದಿಲ್ವಾ?

ಚಿಂಚವಡದಿಂದ: ಹಳೆಯದನ್ನು ಒಯ್ದು ಎದುರಿಗಿಟ್ಟು ಅಳತೆ ನೋಡಬೇಕು ಅಣ್ಣ, ಕೊರಿಯರ್ ಆಗೋದಿಲ್ಲ. ಮಾಟುಂಗಾದವರು ಹೇಳಿದಂತೆ ನೋಡಿದೆ. ಬಿಲ್ಡಿಂಗ್ ಬೇರೆ ಬೇರೆ. ಮೊದಲ ಪಿನ್‌ನಲ್ಲಿ ಹಳೆ ಬಿಲ್ಲಿನ ಫೋಟೋ ಇತ್ತು, ಆ ನಂಬರ್ ಹಾಕಿದರೆ `Cancelled` ಅಂತ ಬಂತು. ಎರಡನೆಯದರಲ್ಲಿ ವಿಸಿಟಿಂಗ್ ಕಾರ್ಡಿನ ಫೋಟೋ, ಆ ನಂಬರ್ `Active`, ವಿಳಾಸ ಎರಡನೇ ಬಿಲ್ಡಿಂಗಿನದ್ದೇ. ಹಾಗಾದರೆ ಮೊದಲನೆಯದು ಮುಚ್ಚಿತು ಅಂತಲೇ?

ಮಾಟುಂಗಾದಿಂದ: ಅಷ್ಟು ಬೇಗ ತೀರ್ಮಾನ ಮಾಡಬೇಡಿ. ನೋಂದಣಿ ರದ್ದಾದರೆ ಅಂಗಡಿ ಮುಚ್ಚಿದೆ ಅಂತ ಅರ್ಥವಲ್ಲ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು, ಮಹಾರಾಷ್ಟ್ರಕ್ಕೆ 27. ಅದರ ಮುಂದಿನ ಹತ್ತು ಅಕ್ಷರ ಮಾಲೀಕರ ಪ್ಯಾನ್. ಎರಡೂ ನಂಬರುಗಳಲ್ಲಿ ಆ ಹತ್ತನ್ನು ಹೋಲಿಸಿ. ಅಪ್ಪನ ಹೆಸರಲ್ಲಿದ್ದ ಅಂಗಡಿ ಮಗನ ಹೆಸರಿಗೆ ಬಂದರೆ, ಇಲ್ಲವೇ ಒಬ್ಬರದ್ದು ಪಾಲುದಾರಿಕೆಯಾದರೆ, ಪ್ಯಾನ್ ಬದಲಾಗುತ್ತದೆ. ಹಳೆ ನಂಬರ್ ರದ್ದಾಗಿ ಹೊಸದು ಬರುತ್ತದೆ. ವ್ಯಾಪಾರ ಒಂದು ದಿನವೂ ನಿಂತಿರುವುದಿಲ್ಲ. ರದ್ದಾದ ತಾರೀಖನ್ನೂ ಹೊಸದು ಜಾರಿಗೆ ಬಂದ ತಾರೀಖನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹತ್ತಿರ ಹತ್ತಿರ ಇದ್ದರೆ ಕೈ ಬದಲಾಗಿರುವ ಸಾಧ್ಯತೆ ಹೆಚ್ಚು. ವರ್ಷಗಟ್ಟಲೆ ಅಂತರವಿದ್ದರೆ ಬೇರೆ ಕಥೆ.

ಚಿಂಚವಡದಿಂದ: ಪ್ಯಾನ್ ಬೇರೆ. ತಾರೀಖುಗಳ ನಡುವೆ ಒಂದೇ ತಿಂಗಳ ಅಂತರ.

ಡೊಂಬಿವಲಿಯಿಂದ: ಅಣ್ಣತಮ್ಮಂದಿರು ಪಾಲಾದಾಗಲೂ ಹೀಗೇ ಆಗುತ್ತದೆ ನೋಡಿ. ಬೋರ್ಡಿನ ಹೆಸರು ಇಬ್ಬರೂ ಇಟ್ಟುಕೊಳ್ಳುತ್ತಾರೆ, ಮಾಲು ಮಾತ್ರ ಬೇರೆ ಬೇರೆ. ಒಬ್ಬರು ಸ್ಪೀಕರ್ ಮಾರುತ್ತಾರೆ, ಇನ್ನೊಬ್ಬರು ಬಿಡಿಭಾಗ. ಮೊದಲ ಜಾಗದಲ್ಲಿ ಇನ್ನೊಬ್ಬ ತಮ್ಮ ಮೂರನೇ ನಂಬರಿನಲ್ಲಿ ಕೂತಿರಲೂಬಹುದು. ವಾರ್ಷಿಕ ವ್ಯವಹಾರ 40 ಲಕ್ಷದ ಒಳಗಿದ್ದರೆ ಬರೀ ಮಾಲು ಮಾರುವವರಿಗೆ ನಂಬರ್ ಕಡ್ಡಾಯವೂ ಅಲ್ಲ.

ಮಾಟುಂಗಾದಿಂದ: ಡೊಂಬಿವಲಿಯವರ ಮಾತು ನಿಜ. ಅದನ್ನು ಬಿಡಿಸುವುದಕ್ಕೆ ಫೋನೇ ದಾರಿ. ಕೌಂಟರ್‌ನಲ್ಲಿ ಜನ ಸಿಗುವ ಹೊತ್ತು ಹನ್ನೊಂದೂವರೆಯಿಂದ ಹನ್ನೆರಡೂವರೆ. ಹತ್ತಕ್ಕೆ ಮಾಡಿ ಯಾರೂ ಎತ್ತಲಿಲ್ಲವೆಂದರೆ ಅದರಿಂದ ಏನೂ ತಿಳಿಯುವುದಿಲ್ಲ. 022 ಆದ ಮೇಲೆ ಏಳೇ ಅಂಕಿ ಇರುವ ನಂಬರ್ ಕಂಡರೆ ಆ ಪಟ್ಟಿ ತೀರಾ ಹಳೆಯದು, ಮುಂಬೈ ಲ್ಯಾಂಡ್‌ಲೈನ್‌ಗೆ ಎಂಟು ಅಂಕಿ ಬಂದು ಇಪ್ಪತ್ತು ವರ್ಷ ದಾಟಿದೆ.

ಅಂಗಡಿಯ ಹೆಸರನ್ನು ನೀವು ಮೊದಲು ಹೇಳಬೇಡಿ, "ಕೌನ್ ಸೀ ದುಕಾನ್?" ಅಂತ ಕೇಳಿ. ಡೈರೆಕ್ಟರಿಗಳಲ್ಲಿ ಸಿಗುವ ಕೆಲವು ನಂಬರುಗಳು ಅಂಗಡಿಗೆ ನೇರವಾಗಿ ಹೋಗುವುದಿಲ್ಲ, ಬೇರೆ ವ್ಯಾಪಾರಿ ಎತ್ತಿ "ಹಾಂ, ವಹೀ ಹೈ" ಅಂದುಬಿಡುತ್ತಾನೆ. ಹೆಸರು ಸರಿಯಾಗಿ ಬಂದ ಮೇಲೆ ಕೇಳಿ: "ಅಭೀ ಕಿಸ್ ಬಿಲ್ಡಿಂಗ್ ಮೇ ಹೋ, ಸಾಮನೇ ಕ್ಯಾ ಹೈ?" ಎದುರಿಗೆ ಏನಿದೆ ಅಂತ ತಡವರಿಸದೆ ಹೇಳುವವನು ಕೌಂಟರ್‌ನಲ್ಲೇ ಕೂತಿದ್ದಾನೆ. ವಾಟ್ಸಾಪ್‌ನಲ್ಲಿ ಲೊಕೇಶನ್ ಕೇಳಿದರೆ "ದುಕಾನ್ ಸೇ ಭೇಜನಾ" ಅಂತ ಸೇರಿಸಿ, ಇಲ್ಲವಾದರೆ ಅವರು ಮನೆಯಿಂದ ಕಳಿಸಿದ್ದು ಮನೆಯನ್ನೇ ತೋರಿಸುತ್ತದೆ. ಹಳೆ ಟ್ರಾನ್ಸ್‌ಫಾರ್ಮರ್‌ನ ಫೋಟೋ ಕಳಿಸಿ, ಮಾಲು ಕೌಂಟರ್‌ನಲ್ಲಿದೆಯೋ ಗೋದಾಮಿನಲ್ಲೋ ಕೇಳಿ. ಗೋದಾಮಿನಿಂದ ತರಿಸುವುದಾದರೆ ಹಿಂದಿನ ದಿನವೇ ಹೇಳಿಡಬೇಕು.

ಯಾವ ನಂಬರೂ ಎತ್ತದಿದ್ದರೆ ಮ್ಯಾಪ್ ದೊಡ್ಡದು ಮಾಡಿ ಪಕ್ಕದ ಗಾಳಾದ ಅಂಗಡಿಗೆ ಮಾಡಿ. ಆ ರಸ್ತೆಯಲ್ಲಿ ಹಳೆ ಕಟ್ಟಡಗಳು ಬಹಳ. ರಿಡೆವಲಪ್‌ಮೆಂಟ್‌ಗೆ ಹೋದಾಗ ಅಂಗಡಿ ಎಲ್ಲಿಗೆ ಎದ್ದು ಹೋಯಿತು ಅಂತ ಪಕ್ಕದವರಿಗೆ ಗೊತ್ತಿರುತ್ತದೆ.

ಚಿಂಚವಡದಿಂದ: ಎರಡನೇ ಪಿನ್‌ನ ಮೊಬೈಲ್ ಎತ್ತಿದರು. ಅಂಗಡಿಯ ಹೆಸರು ಅವರೇ ಹೇಳಿದರು, ಎದುರಿನ ಗುರುತೂ ಹೇಳಿದರು. ಟ್ರಾನ್ಸ್‌ಫಾರ್ಮರ್ ಇದೆಯಂತೆ, ಫೋಟೋ ನೋಡಿ ನಾಳೆ ಹೇಳುತ್ತಾರಂತೆ. ಮೊದಲನೇ ಜಾಗದ ಬಗ್ಗೆ ಕೇಳಿದರೆ "ವೋ ಅಲಗ್ ಹೈ" ಅಂದು ಮಾತು ಬದಲಿಸಿದರು. ಶನಿವಾರ ಬಿಟ್ಟು ಸೋಮವಾರ ಹೋದರೆ?

ಠಾಣೆಯಿಂದ: ಸೋಮವಾರ ಮುಂಬೈನಲ್ಲಿ ಅಂಗಡಿಗಳಿಗೆ ರಜೆ, ಕಾನೂನೇ ಹಾಗಿದೆ.

ಡೊಂಬಿವಲಿಯಿಂದ: ಈಗ ಹಾಗಿಲ್ಲ. 2017ರ ಮಹಾರಾಷ್ಟ್ರ ಅಂಗಡಿ ಕಾಯ್ದೆಯ ಪ್ರಕಾರ ವರ್ಷವಿಡೀ ತೆರೆದಿಡಬಹುದು, ವಾರದ ರಜೆ ಕೆಲಸಗಾರನಿಗೆ ಕೊಡಬೇಕು. ಉಳಿದಿರುವುದು ಗಲ್ಲಿಗಲ್ಲಿಯ ರೂಢಿ. ಲ್ಯಾಮಿಂಗ್ಟನ್ ರೋಡ್ ಸಾಮಾನ್ಯವಾಗಿ ಭಾನುವಾರ ಮುಚ್ಚಿರುತ್ತದೆ.

ಮಾಟುಂಗಾದಿಂದ: ಶನಿವಾರವೇ ಹೋಗಿ. ಡೆಕ್ಕನ್ ಕ್ವೀನ್ ಬೆಳಿಗ್ಗೆ 10:25ಕ್ಕೆ ಸಿಎಸ್‌ಎಂಟಿ ಮುಟ್ಟುತ್ತದೆ, ಸಂಜೆ 5:10ಕ್ಕೆ ವಾಪಸ್ ಹೊರಡುತ್ತದೆ. ದಾದರ್‌ನಲ್ಲಿ ಇಳಿದು ಪಶ್ಚಿಮ ಲೈನಿನಲ್ಲಿ ಗ್ರಾಂಟ್ ರೋಡಿಗೆ ಬಂದರೆ ಅಂಗಡಿ ತೆರೆಯುವ ಹೊತ್ತಿಗೆ ಸರಿಹೋಗುತ್ತದೆ. ಫೋಟೋಗೆ ಉತ್ತರ ಬರುವ ಮುಂಚೆ ಟಿಕೆಟ್ ತೆಗೆಯಬೇಡಿ. "ವೋ ಅಲಗ್ ಹೈ" ಅಂದದ್ದು ಪಾಲಿನ ಮಾತೋ ಬೇರೆಯದ್ದೋ ಇಲ್ಲಿಂದ ಹೇಳಲಾಗದು. ಮೊದಲನೇ ಪಿನ್‌ನ ಪಕ್ಕದ ಅಂಗಡಿಗೂ ಒಂದು ಫೋನ್ ಮಾಡಿಡಿ, ಇವರಲ್ಲಿ ಅಳತೆ ಕೂಡದಿದ್ದರೆ ಅಲ್ಲಿಗೆ ನಡೆದು ಹೋಗಬಹುದಲ್ಲ.