ಪದ ಬೇಕು: ಜಾಯಿನ್ ಮಾಡಿದಾಗ ಎರಡು ಸಲ ಬರುವ ಸಾಲಿಗೆ

ಎಂ.ಎಸ್. ಬರೆದದ್ದು:
ನಮಸ್ಕಾರ. ಡಿಪ್ಲೊಮಾ ಹುಡುಗರಿಗಾಗಿ ಎಸ್‌ಕ್ಯೂಎಲ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಪ್ರಿಂಟಿಗೆ ಕೊಡಬೇಕು. ಬಿಲ್ಲು ಮತ್ತು ರಸೀದಿ ಟೇಬಲ್‌ಗಳನ್ನು ಜಾಯಿನ್ ಮಾಡಿದ ಸ್ಕ್ರೀನ್‌ಶಾಟ್ ಒಂದಿದೆ. ಅದರ ಕೆಳಗೆ ಮೂಲದಲ್ಲಿ ‘ಡೂಪ್ಲಿಕೇಟ್ ರೋಸ್’ ಎಂದಿದೆ. ‘ನಕಲು ಸಾಲುಗಳು’ ಅಂತ ಹಾಕಿದೆ, ಮನಸ್ಸು ಒಪ್ಪುತ್ತಿಲ್ಲ.

```
bill_no | amount | paid
101     |    800 |  800
102     |   1200 |  700
102     |   1200 |  500
103     |    450 |  450
```

ಕೆ.ಜಿ.:
ನಕಲು ಅರಬ್ಬಿ ಮೂಲದ್ದು. ಪಡಿಯಚ್ಚು ಇರುವಾಗ ಅದು ಯಾಕೆ? ‘ಪಡಿಸಾಲು’ ಎನ್ನಿ. ಮುಗಿಯಿತು.

ಪಿ.:
ಪದ ಯಾವುದಾದರೇನು, `DISTINCT` ಹಾಕಿದರೆ ಸಾಲೇ ಇರುವುದಿಲ್ಲ. ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ಒಬ್ಬರ ಹೆಸರೇ ಎರಡು ಸಲ ಇತ್ತು. ಎಕ್ಸೆಲ್‌ನಲ್ಲಿ ಒಂದು ಬಟನ್ ಒತ್ತಿದೆ, ಹೋಯಿತು.

ಆರ್.ವಿ.:
ಪಿ. ಅವರೇ, ನಿಮ್ಮ ಪಟ್ಟಿಯ ಕಥೆ ಬೇರೆ. ಇಲ್ಲಿ ಕೊನೆಯ ಕಾಲಂ ನೋಡಿ: 700, 500. ಗಿರಾಕಿ ಎರಡು ಕಂತಲ್ಲಿ ಕಟ್ಟಿದ್ದಾನೆ. ಇಡೀ ಸಾಲು ಒಂದೇ ಆಗಿದ್ದರೆ ಮಾತ್ರ `DISTINCT` ತೆಗೆಯುತ್ತದೆ, ಹಾಗಾಗಿ ಇಲ್ಲಿ ಏನೂ ಹೋಗುವುದಿಲ್ಲ. ಕಂತು 600, 600 ಆಗಿದ್ದರೆ ಇನ್ನೂ ಕಷ್ಟ. ಒಂದು ಸಾಲು ಹಾರಿಹೋಗಿ, ನಿಜವಾಗಿ ಬಂದ 600 ರೂಪಾಯಿಯೇ ಲೆಕ್ಕದಿಂದ ಮಾಯ.

ತಪ್ಪಿರುವುದು ನಡುವಿನ ಕಾಲಂನಲ್ಲಿ. `paid` ಕೂಡಿದರೆ 2450, ಸರಿಯಾಗಿದೆ. `amount` ಕೂಡಿದರೆ 3650, ಅಂದರೆ 1200 ಜಾಸ್ತಿ. ಒಂದು ಬಿಲ್ಲಿಗೆ ಎಷ್ಟು ರಸೀದಿ ಇವೆಯೋ ಅಷ್ಟು ಸಲ ಬಿಲ್ಲಿನ ಮೊತ್ತ ಬರುತ್ತದೆ. ನಾನು ಮೊದಲು ಇದನ್ನು ಓಡಿಸಿ ನೋಡುತ್ತೇನೆ:

```
SELECT bill_no, COUNT(*) FROM receipts
GROUP BY bill_no HAVING COUNT(*) > 1;
```

102 ಬಂದರೆ ಕಾರಣ ಸಿಕ್ಕಿತು. ಆಮೇಲೆ ರಸೀದಿಗಳನ್ನು ಬಿಲ್ಲಿಗೊಂದು ಸಾಲಿನಂತೆ ಮೊದಲೇ ಕೂಡಿಸಿಕೊಂಡು ಜಾಯಿನ್ ಮಾಡಿದರಾಯಿತು. ಹಾಗಾಗಿ ‘ನಕಲು’ ತಪ್ಪು. ಎರಡೂ ಅಸಲಿ ಸಾಲುಗಳೇ. ಇನ್ನು ‘ಪಡಿಸಾಲು’ ಅಂದರೆ ಹುಡುಗರು ಮನೆಯ ಪಡಸಾಲೆ ಹುಡುಕಿಕೊಂಡು ಹೋದಾರು.

ಎಸ್.ಎನ್.:
‘ದ್ವಿರುಕ್ತಿ’ ಆಗುವುದಿಲ್ಲವೇ? ಬೇಗ ಬೇಗ, ಮನೆ ಮನೆ ಇದ್ದಂತೆ.

ಕೆ.ಜಿ.:
ಮತ್ತೆ ಸಂಸ್ಕೃತವೇ!

ಎಸ್.ಎನ್.:
ನಿಮ್ಮ ‘ಪಡಿ’ ಕೂಡ ‘ಪ್ರತಿ’ಯ ತದ್ಭವವೇ ಸ್ವಾಮಿ.

ಕೆ.ಜಿ.:
ತದ್ಭವ ನಮ್ಮ ಬಾಯಲ್ಲಿ ಪಳಗಿದ್ದು. ತತ್ಸಮ ಹಾಗಲ್ಲ.

ಆರ್.ವಿ.:
ಹಾಗಾದರೆ ‘ನಕಲು’ ಪಳಗಿಲ್ಲವೇ? ಕಂದಾಯ ಕಚೇರಿಯಲ್ಲಿ ಪಹಣಿಯ ನಕಲು ಕೇಳದ ರೈತರುಂಟೇ? ಪದಕ್ಕೆ ನನ್ನ ತಕರಾರಿಲ್ಲ, ಈ ಜಾಗಕ್ಕೆ ಹೊಂದಲ್ಲ ಅಷ್ಟೇ. ದ್ವಿರುಕ್ತಿಯೂ ಹೊಂದಲ್ಲ, ಅದು ಬೇಕಂತಲೇ ಎರಡು ಸಲ ಹೇಳುವುದು. ಇಲ್ಲಿ ಯಾರೂ ಬೇಕಂತ ಮಾಡಿಲ್ಲ. ‘ಮರುಕಳಿಸಿದ ಮೊತ್ತ’ ಅನ್ನಬಹುದೇನೋ.

ಕೆ.ಜಿ.:
ಮರುಕಳಿಸುವುದು ಜ್ವರ.

ಎಂ.ಎಸ್.:
ಎಲ್ಲರಿಗೂ ಧನ್ಯವಾದ. ಚಿತ್ರದ ಕೆಳಗೆ ಪದ ಬಿಟ್ಟು ವಾಕ್ಯವನ್ನೇ ಹಾಕಿದೆ: ‘102ನೇ ಬಿಲ್ಲಿಗೆ ಎರಡು ರಸೀದಿ ಇರುವುದರಿಂದ ಅದರ ಮೊತ್ತ ಎರಡು ಸಾಲಲ್ಲಿ ಬಂದಿದೆ.’ ಆದರೆ ಪುಸ್ತಕದ ಕೊನೆಯ ಪದಪಟ್ಟಿಯಲ್ಲಿ ಡೂಪ್ಲಿಕೇಟ್ ರೋ ಎದುರಿಗೆ ಜಾಗ ಇನ್ನೂ ಖಾಲಿ ಇದೆ. ರಾತ್ರಿ ಹನ್ನೊಂದರವರೆಗೆ ಕಾಯುತ್ತೇನೆ.